ಎಕ್ಸೆಲ್‌ನಲ್ಲಿ ಅಕ್ಷಾಂಶ-ರೇಖಾಂಶ

ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಎಕ್ಸೆಲ್ ಸಾಮಾನ್ಯ ಸಂಖ್ಯೆಗಳೆಂದು ಓದುವುದರಿಂದ ಸ್ಥಳಮಾಹಿತಿ ಕೆಡುವ ದೋಷ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಸ್ಥಳ ಗುರುತಿಸಲು ಅಷ್ಟು ಸಾಕು. ನಿಜವಾದ ಹಾನಿ ಬೇರೆಡೆ ಇದೆ. ಕೋಶದಲ್ಲಿ ಎರಡೇ ದಶಮಾಂಶ ಕಾಣುವಂತಿದ್ದರೆ ಸಿಎಸ್‌ವಿ ಕಡತದಲ್ಲಿಯೂ ಅಷ್ಟೇ ಉಳಿಯುತ್ತದೆ. ಮಂಡ್ಯದ 12.5218 ಎಂಬ ಅಕ್ಷಾಂಶ 12.52 ಆಗಿ, ಗುರುತು ಸುಮಾರು 200 ಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ದಶಮಾಂಶಕ್ಕೆ ಅಲ್ಪವಿರಾಮ ಬಳಸಿ ಮದ್ದೂರಿಗೆ 12,584 ಎಂದು ಬರೆದರೆ, ಭಾರತೀಯ ವ್ಯವಸ್ಥೆಯಲ್ಲಿ ಅದು ಹನ್ನೆರಡು ಸಾವಿರದ ಐನೂರ ಎಂಬತ್ತನಾಲ್ಕು ಆಗುತ್ತದೆ. ಅಕ್ಷಾಂಶ 90 ದಾಟಿದರೆ ಅದು ತಪ್ಪೆಂಬುದು ಖಚಿತ. ಮಳವಳ್ಳಿಯಂಥ ಊರಿನ ಅಕ್ಷಾಂಶ, ರೇಖಾಂಶಗಳನ್ನು ಒಂದೇ ಕೋಶದಲ್ಲಿ ಸೇರಿಸದೆ ಎರಡು ಕಂಬಸಾಲುಗಳಲ್ಲಿ, ಚುಕ್ಕೆಯೊಂದಿಗೆ, ಆರು ದಶಮಾಂಶಗಳವರೆಗೆ ಇಡುವುದು ಸುರಕ್ಷಿತ. ಆರನೆಯ ಅಂಕಿ ಸುಮಾರು 11 ಸೆಂಟಿಮೀಟರ್‌ಗೆ ಸಮ. ಸಿಎಸ್‌ವಿಯನ್ನು ನೇರವಾಗಿ ತೆರೆಯದೆ `From Text/CSV` ಮೂಲಕ ತಂದು, ಎರಡೂ ಕಂಬಸಾಲುಗಳ ಬಗೆಯನ್ನು `Text` ಎಂದು ನಿಗದಿಪಡಿಸಬೇಕು. ಮೂಲ ಕಡತವನ್ನು ತಿದ್ದದೆ ಇರಿಸಬೇಕು.