ರಾತ್ರಿಯ ಚಿತ್ರದಲ್ಲಿರುವುದು ಚಿರತೆಯೋ, ಕತ್ತೆಕಿರುಬವೋ?

ತಾಳವಾಡಿ ಸುತ್ತಲಿನ ಸತ್ಯಮಂಗಲ ಕಾಡಿನಲ್ಲಿ ಚಿರತೆಯೂ ಇದೆ, ಕತ್ತೆಕಿರುಬವೂ ಇದೆ. ತಮಿಳಿನಲ್ಲಿ ಕತ್ತೆಕಿರುಬಕ್ಕೆ ಕಳುದೈಪ್ಪುಲಿ ಎನ್ನುತ್ತಾರೆ. ಎರಡೂ ಭಾಷೆಯವರಿಗೆ ಕತ್ತೆಯೇ ನೆನಪಾಗಿದೆ. ಬರಿಯ ಕಿರುಬ ಎಂದರೆ ಮಾತ್ರ ಕೆಲವರು ಚಿರತೆ ಎಂದು ತಿಳಿದುಬಿಡುತ್ತಾರೆ. ಆಡಿನ ದೊಡ್ಡಿಯ ಬಳಿ ಇಟ್ಟ ಕ್ಯಾಮೆರಾದಲ್ಲಿ ಇವೆರಡನ್ನು ಗುರುತಿಸುವುದು ಹೇಗೆ?

ರಾತ್ರಿ ಈ ಕ್ಯಾಮೆರಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಆದ್ದರಿಂದ ಚಿತ್ರದಲ್ಲಿ ಬಣ್ಣವಿಲ್ಲ. ಪ್ರಾಣಿ ತೀರ ಹತ್ತಿರ ಬಂದರೆ ಮೈಯೆಲ್ಲ ಬಿಳಿಚಿಕೊಂಡು ಚುಕ್ಕೆಯೂ ಪಟ್ಟೆಯೂ ಅಳಿಸಿಹೋಗುತ್ತವೆ. ಟಾರ್ಚಿಗೆ ಕಾಣುವ ಕಣ್ಣಿನ ಹಸಿರು, ಹಳದಿ ಹೊಳಪು ಇಲ್ಲಿ ಬರೀ ಬಿಳಿ. ಚಿರತೆ, ಕಿರುಬ, ನಾಯಿ, ಕಡವೆ ಎಲ್ಲದರ ಕಣ್ಣೂ ಹೊಳೆಯುತ್ತದೆ. ಹಂದಿಯ ಕಣ್ಣಿನ ಹಿಂದೆ ಬೆಳಕು ತಿರುಗಿಸುವ ಪದರ ಇಲ್ಲ, ಅದು ಮಂಕು. ಹಾಗಾಗಿ ಹೊಳಪು ನೋಡಿ ಹಂದಿಯನ್ನು ಬೇರ್ಪಡಿಸಬಹುದೇ ಹೊರತು ಚಿರತೆ ಎಂದು ಹೇಳಲಾಗದು.

ನಂಬಬೇಕಾದ್ದು ಬೆನ್ನಿನ ಗೆರೆಯನ್ನು. ಚಿರತೆಯ ಬೆನ್ನು ಹೆಚ್ಚುಕಡಿಮೆ ಸಮ, ಕಿವಿ ಗಿಡ್ಡ ಮತ್ತು ದುಂಡು, ಬಾಲ ಉದ್ದ, ತುದಿ ಮೇಲಕ್ಕೆ ಬಾಗಿರುತ್ತದೆ. ಕತ್ತೆಕಿರುಬಕ್ಕೆ ಮುಂಗಾಲು ಉದ್ದ. ಭುಜದಿಂದ ಸೊಂಟಕ್ಕೆ ಬೆನ್ನು ಇಳಿಜಾರಾಗಿರುತ್ತದೆ, ಹಿಂಭಾಗ ಕುಗ್ಗಿದಂತೆ ನಡೆಯುತ್ತದೆ. ಕಿವಿ ಚೂಪು, ಬಾಲ ಪೊದೆಯಂತೆ ಗಿಡ್ಡ.

ಒಂದು ಉದಾಹರಣೆ ನೋಡೋಣ. ದೊಡ್ಡಿಯ ಬಳಿ ಮೂರು ಚಿತ್ರ ಬಿದ್ದಿವೆ. ಮೊದಲನೆಯದರಲ್ಲಿ ದೂರದ ಎರಡು ಕಣ್ಣು ಮಾತ್ರ. ಎರಡನೆಯದರಲ್ಲಿ ಭುಜ ಮತ್ತು ಬಿಳಿಚಿದ ಮೈ. ಮೂರನೆಯದರಲ್ಲಿ ಹಿಂಭಾಗವಷ್ಟೇ. ಊರವರು ಚಿರತೆ ಎನ್ನುತ್ತಾರೆ. ಬೆಳಿಗ್ಗೆ ಒಬ್ಬರು ಅದೇ ಜಾಗದಲ್ಲಿ ಹತ್ತು ಸೆಂಟಿಮೀಟರಿಗೊಂದು ಗುರುತು ಹಾಕಿದ ಕೋಲು ಹಿಡಿದು ನಿಲ್ಲಲಿ. ಕ್ಯಾಮೆರಾವನ್ನು ಅಲುಗಿಸದೆ ಚಿತ್ರ ತೆಗೆದು ಪಕ್ಕದಲ್ಲಿಟ್ಟು ನೋಡಿ. ಭುಜ 70, ಸೊಂಟ 55 ಸೆಂಟಿಮೀಟರ್ ಬಂತೆನ್ನಿ. ಭುಜದ ಎತ್ತರ ಚಿರತೆಗೂ ಒಪ್ಪುತ್ತದೆ, ಆದರೆ ಇಳಿಜಾರು ಒಪ್ಪುವುದಿಲ್ಲ. ಅದು ಕತ್ತೆಕಿರುಬ. ಭುಜವೇ 40 ದಾಟದಿದ್ದರೆ ಹತ್ತಿರ ಬಂದು ದೊಡ್ಡದಾಗಿ ಕಂಡ ಕಾಡುಬೆಕ್ಕಿರಬಹುದು. ಪ್ರಾಣಿ ಏರು ನೆಲದಲ್ಲಿ ನಿಂತಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಆಗ ಹೆಜ್ಜೆ ನೋಡಿ. ಕಿರುಬದ ಹೆಜ್ಜೆಯಲ್ಲಿ ಉಗುರಿನ ಗುರುತಿರುತ್ತದೆ, ನಡೆಯುವ ಚಿರತೆಯದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕಿರುಬದ ಚಿತ್ರ ಬಿತ್ತೆಂದ ಮಾತ್ರಕ್ಕೆ ಆಡನ್ನು ಕೊಂದದ್ದು ಅದೇ ಎಂದಲ್ಲ. ಅದು ಹೆಚ್ಚಾಗಿ ಸತ್ತದ್ದನ್ನು ತಿನ್ನಲು ಬರುವ ಪ್ರಾಣಿ, ಕೆಲವೊಮ್ಮೆ ಆಡನ್ನೂ ಹಿಡಿಯುತ್ತದೆ. ಪರಿಹಾರ ಕೇಳುವವರು ಚಿತ್ರದ ಜೊತೆಗೆ ಕಳೇಬರವನ್ನು ಅಲುಗಿಸದೆ ಇಟ್ಟು ಅರಣ್ಯ ಇಲಾಖೆಯವರಿಗೆ ತೋರಿಸಬೇಕು. ಕತ್ತಿನ ಹಲ್ಲಿನ ಗಾಯ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನು ಕರಿಚಿರತೆ. ಇನ್‌ಫ್ರಾರೆಡ್ ಬೆಳಕಿನಲ್ಲಿ ಅದರ ಕಪ್ಪು ಮೈಯ ಚುಕ್ಕೆಗಳೂ ಕಾಣುತ್ತವೆ. ಬಹುತೇಕ ಚಿರತೆಗಳು ಕಪ್ಪಾಗಿಯೇ ಇರುವ ಮಲೇಷ್ಯಾದಲ್ಲಿ ಸಂಶೋಧಕರು ಹಗಲಲ್ಲೂ ಕ್ಯಾಮೆರಾ ಇನ್‌ಫ್ರಾರೆಡ್‌ನಲ್ಲೇ ಕೆಲಸ ಮಾಡುವಂತೆ ಮಾಡಿ ಒಂದೊಂದನ್ನೂ ಚುಕ್ಕೆಯಿಂದ ಗುರುತಿಸಿದರು. ಆ ವರದಿ 2015ರಲ್ಲಿ ಬಂತು.