ಕ್ಲಿನಿಕ್ ವೆಬ್‌ಸೈಟ್‌ಗೆ ಪ್ರಾಂಪ್ಟ್ ಬರೆಯೋದು ಹೇಗೆ? ಖಾಲಿ ಬಿಟ್ಟ ಜಾಗಕ್ಕೆ ಸುಳ್ಳು ತುಂಬದಿರಲಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸಣ್ಣ ಕ್ಲಿನಿಕ್ಕೊಂದಕ್ಕೆ ನಾಲ್ಕು ಪುಟದ ವೆಬ್‌ಸೈಟ್ ಬೇಕಂದ್ರೆ ಈಗ ಕೋಡ್ ಬರೆಯುವ ಎಐ ಟೂಲ್ ಸಾಕು. ಆದರೆ "ಕ್ಲಿನಿಕ್‌ಗೆ ವೆಬ್‌ಸೈಟ್ ಮಾಡಿಕೊಡು" ಅಂತ ಒಂದೇ ಸಾಲು ಬರೆದರೆ, ನಾವು ಹೇಳದೆ ಬಿಟ್ಟಿದ್ದನ್ನು ಟೂಲ್ ತಾನೇ ಊಹಿಸಿ ತುಂಬುತ್ತದೆ. ಇಲ್ಲದ ತಜ್ಞ ವೈದ್ಯರು, '24 ಗಂಟೆ ತುರ್ತು ಸೇವೆ', ಯಾರೂ ಹೇಳದ ಹೊಗಳಿಕೆ ಎಲ್ಲವೂ ಬರಬಹುದು. ಹಾವು ಕಚ್ಚಿದವರನ್ನು ರಾತ್ರಿ ಹಳ್ಳಿಯಿಂದ ಕರೆತಂದವರಿಗೆ ಬೀಗ ಹಾಕಿದ ಬಾಗಿಲು ಎದುರಾದರೆ, ಆ ಸುಳ್ಳು ಸಾಲಿಗೆ ಜೀವವೇ ಬೆಲೆ.

ಹಾಗಾಗಿ ಪ್ರಾಂಪ್ಟ್‌ನಲ್ಲಿ ಬಣ್ಣ, ವಿನ್ಯಾಸಕ್ಕಿಂತ ಮೊದಲು ಇರಬೇಕಾದ್ದು ವಾಸ್ತವ: ಏನಿದೆ, ಏನಿಲ್ಲ. ಜೇವರ್ಗಿಯಲ್ಲಿ ಒಬ್ಬರೇ ವೈದ್ಯರಿರುವ ಕ್ಲಿನಿಕ್ ಅಂತ ಇಟ್ಟುಕೊಳ್ಳೋಣ:

```
ಒಬ್ಬ ವೈದ್ಯರ ಕ್ಲಿನಿಕ್‌ಗೆ ಸ್ಟ್ಯಾಟಿಕ್ ವೆಬ್‌ಸೈಟ್, ಊರು ಜೇವರ್ಗಿ.
ಪುಟಗಳು: index.html, doctor.html, fees.html, contact.html
ಎಲ್ಲಕ್ಕೂ ಒಂದೇ style.css, ಒಂದೇ ಮೆನು, lang="kn".
ಸಮಯ: ಸೋಮ-ಶನಿ, ಬೆಳಿಗ್ಗೆ 10-2, ಸಂಜೆ 5-8. ಭಾನುವಾರ ರಜೆ.
ರಾತ್ರಿ ಸೇವೆ ಇಲ್ಲ. "ತುರ್ತಿಗೆ 108" ಪ್ರತಿ ಪುಟದ ಮೇಲಿರಲಿ.
ನಾನು ಕೊಡದ ಮಾಹಿತಿ ಇದ್ದಲ್ಲಿ [ಭರ್ತಿ ಮಾಡಿ] ಎಂದು ಬಿಡು.
ರೋಗಿಗಳ ಹೊಗಳಿಕೆ, ಗುಣಪಡಿಸುವ ಭರವಸೆ ಬೇಡ.
ಫಾರ್ಮ್ ಬೇಡ; ಕರೆ ಮಾಡಲು tel: ಲಿಂಕ್ ಸಾಕು.
```

ಇದರಲ್ಲಿ ಹೆಚ್ಚು ಕೆಲಸ ಮಾಡೋದು `[ಭರ್ತಿ ಮಾಡಿ]` ಅನ್ನೋ ಸಾಲು. ವೈದ್ಯರ ನೋಂದಣಿ ಸಂಖ್ಯೆ, ಶುಲ್ಕ ಇಂಥವನ್ನು ಟೂಲ್ ಊಹಿಸದೆ ಖಾಲಿ ಬಿಡುತ್ತದೆ. ಕ್ಲಿನಿಕ್‌ನವರು ಅವನ್ನು ದಾಖಲೆ ನೋಡಿ ತುಂಬಬೇಕು. ಖಾಸಗಿ ಕ್ಲಿನಿಕ್‌ಗಳ ನೋಂದಣಿಯನ್ನು ಕಡ್ಡಾಯ ಮಾಡಿರುವ 2007ರ ಕೆಪಿಎಂಇ ಕಾಯ್ದೆ ದರಪಟ್ಟಿಯ ಬಗ್ಗೆಯೂ ಹೇಳುತ್ತದೆ. `fees.html` ಕೇಳಿರೋದು ಅದಕ್ಕೇ.

ಫಾರ್ಮ್ ಯಾಕೆ ಬೇಡ? ಸ್ಟ್ಯಾಟಿಕ್ ಪುಟಕ್ಕೆ ಮಾಹಿತಿ ಉಳಿಸುವ ಜಾಗ ಇರೋದಿಲ್ಲ. ರೋಗಿ ಹೆಸರು, ತೊಂದರೆ ಬರೆದು ಬಟನ್ ಒತ್ತಿದರೆ "ಧನ್ಯವಾದ" ಅಂತ ಕಾಣಬಹುದು, ಆದರೆ ಕ್ಲಿನಿಕ್‌ಗೆ ಏನೂ ತಲುಪಿರೋದಿಲ್ಲ. ಮಾಹಿತಿ ಉಳಿಸುವ ವ್ಯವಸ್ಥೆ ಮಾಡಿದರೆ ರೋಗಿಯ ಒಪ್ಪಿಗೆ ಪಡೆಯುವ, ಮಾಹಿತಿ ಸೋರದಂತೆ ಕಾಯುವ ಹೊಣೆಯೂ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳೋದು ಇದನ್ನೇ. ಸಣ್ಣ ಕ್ಲಿನಿಕ್‌ಗೆ ಫೋನ್ ಕರೆಯೇ ಸುರಕ್ಷಿತ.

ಆಳಂದದಂಥ ಗಡಿ ತಾಲ್ಲೂಕಿನಲ್ಲಿ ಮರಾಠಿ, ಉರ್ದು ಪುಟಗಳೂ ಬೇಕಾಗಬಹುದು. ಉರ್ದು ಪುಟಕ್ಕೆ `lang="ur" dir="rtl"` ಅಂತ ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಸಾಲುಗಳು ಎಡಕ್ಕೆ ಅಂಟಿಕೊಂಡು, ವಿರಾಮ ಚಿಹ್ನೆಗಳು ತಪ್ಪು ತುದಿಗೆ ಹೋಗುತ್ತವೆ. ಅನುವಾದವನ್ನು ಆ ಭಾಷೆ ಆಡುವವರು ಓದಿ ಒಪ್ಪಿದ ಮೇಲೆಯೇ ಹಾಕಬೇಕು.

ಕೊನೆಗೆ ಪರೀಕ್ಷೆ. ಸಾಧಾರಣ ಮೊಬೈಲ್‌ನಲ್ಲಿ ನಾಲ್ಕೂ ಪುಟ ತೆರೆದು, ಪ್ರತಿ ಪುಟದಿಂದಲೂ ಮೆನು ಒತ್ತಿ, ಕರೆ ಲಿಂಕ್ ಒತ್ತಿ ನೋಡಿ. ನಂತರ ಪುಟದಲ್ಲಿರುವ ಪ್ರತಿ ಹೆಸರು, ಸಂಖ್ಯೆ, ಸಮಯವನ್ನು ನಿಮ್ಮ ಪ್ರಾಂಪ್ಟ್ ಜೊತೆ ಹೋಲಿಸಿ. ಅಲ್ಲಿ ಇಲ್ಲದ್ದು ಇಲ್ಲಿ ಕಂಡರೆ ಅದು ಟೂಲ್ ಹುಟ್ಟಿಸಿದ್ದು, ತೆಗೆದುಹಾಕಿ.