ಸಿಕ್ಕು, ಗಂಟು, ಜಡೆ: ಮಲೆನಾಡಿನ ಮಳೆಗಾಲದಲ್ಲಿ ಉದ್ದಗೂದಲಿನ ಬೆಕ್ಕಿಗೆ ಸ್ನಾನ ಬೇಕೆ?

ಉದ್ದಗೂದಲಿನ ಬೆಕ್ಕನ್ನು ದಿನವೂ ಬಾಚಬೇಕು ಎಂಬುದರಲ್ಲಿ ಈ ಬಗ್ಗೆ ಬರೆದವರಿಗೆ ಭಿನ್ನಾಭಿಪ್ರಾಯವಿಲ್ಲ. ಪರ್ಷಿಯನ್ ತಳಿಯಲ್ಲಿ ಮೇಲ್ಗೂದಲಿನ ಜೊತೆಗೆ ಒಳಗಿನ ಮೃದು ತುಪ್ಪಳವೂ ಉದ್ದವಾಗಿ ಬೆಳೆಯುತ್ತದೆ. ಉದುರಿದ ತುಪ್ಪಳ ನೆಲಕ್ಕೆ ಬೀಳದೆ ಉಳಿದ ಕೂದಲಿಗೆ ಸುತ್ತಿಕೊಳ್ಳುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಹೊಟ್ಟೆಯಡಿ ಈ ಗಂಟು ಮೊದಲು ಕಾಣಿಸಿಕೊಳ್ಳುತ್ತದೆ. ಇಷ್ಟು ಎಲ್ಲರೂ ಒಪ್ಪಿದ ಮಾತು. ಒಪ್ಪಿಗೆ ಮುರಿಯುವುದು ಸ್ನಾನದ ವಿಷಯಕ್ಕೆ ಬಂದಾಗ.

ಪ್ರದರ್ಶನಕ್ಕೆ ಬೆಕ್ಕು ಸಾಕುವವರು ಗಂಟಿನ ಮೂಲ ಜಿಡ್ಡು ಎನ್ನುತ್ತಾರೆ. ಜಿಡ್ಡಾದ ಕೂದಲು ಒಂದಕ್ಕೊಂದು ಅಂಟುವುದರಿಂದ ಆಗಾಗ ತೊಳೆದರೆ ಗಂಟು ಕಟ್ಟದು ಎಂಬುದು ಅವರ ವಾದ. ಬಾಚುವುದನ್ನು ಬಿಡದಿದ್ದರೆ ಬಹುತೇಕ ಬೆಕ್ಕುಗಳಿಗೆ ಸ್ನಾನವೇ ಬೇಡ ಎನ್ನುವ ಪಶುವೈದ್ಯರೂ ಇದ್ದಾರೆ. ಎರಡೂ ಪಕ್ಷಗಳು ಒಣ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತವೆ. ಬಾಬಾಬುಡನ್‌ಗಿರಿಯ ಇಳಿಜಾರುಗಳಲ್ಲಿ, ಮೂಡಿಗೆರೆ ಮತ್ತು ಕಳಸದ ತೋಟದ ಮನೆಗಳಲ್ಲಿ, ಆರಿದ್ರಾ ಮಳೆಯಿಂದ ಆಶ್ಲೇಷಾ ಮುಗಿಯುವವರೆಗೆ ಹೊದಿಕೆಯೇ ಒಣಗದು. ಅಂಥಲ್ಲಿ ಈ ಎರಡು ವಾದಗಳನ್ನು ಮತ್ತೆ ತೂಗಿ ನೋಡಬೇಕಾಗುತ್ತದೆ.

ಚರ್ಚೆಗೆ ಭೌತಿಕ ತಳಹದಿ ಒದಗಿಸಿದ್ದು ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ 2018ರಲ್ಲಿ ಪ್ರಕಟಿಸಿದ ಅಧ್ಯಯನ. ಬೆಕ್ಕಿನ ನಾಲಿಗೆಯ ಮುಳ್ಳುಗಳ ತುದಿ ಟೊಳ್ಳಾಗಿದ್ದು, ಅವು ಜೊಲ್ಲನ್ನು ಹೀರಿಕೊಂಡು ಕೂದಲ ಬುಡಕ್ಕೆ ಒಯ್ಯುತ್ತವೆ ಎಂದು ಅವರು ತೋರಿಸಿದರು. ಪರ್ಷಿಯನ್ ಬೆಕ್ಕಿನ ಕೂದಲನ್ನು ಒತ್ತಿ ಹಿಡಿದರೂ ಅದರ ದಪ್ಪ ಈ ಮುಳ್ಳುಗಳ ಉದ್ದಕ್ಕಿಂತ ಹೆಚ್ಚೇ ಇರುವುದರಿಂದ ನಾಲಿಗೆ ಚರ್ಮವನ್ನು ಮುಟ್ಟುವುದಿಲ್ಲ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಆದರೆ ಇದರಿಂದ ‘ನಾಲಿಗೆ ಮುಟ್ಟದ ಕಡೆ ಗಂಟಾಗುತ್ತದೆ, ಆದ್ದರಿಂದ ನಾಲಿಗೆಯ ಕೆಲಸವನ್ನು ನೀರು ಮಾಡಲಿ’ ಎಂಬ ತೀರ್ಮಾನಕ್ಕೆ ಹೋಗುವುದುಂಟು. ಅದನ್ನು ಒಪ್ಪುವುದು ಕಷ್ಟ. ನಾಲಿಗೆ ಬುಡ ಮುಟ್ಟದಿರುವ ಕೊರತೆ ಬೆನ್ನಿಗೂ ಇದೆ, ಕಂಕುಳಿಗೂ ಇದೆ. ಆದರೂ ಓಡಾಡಿಕೊಂಡಿರುವ ಆರೋಗ್ಯವಂತ ಬೆಕ್ಕಿನ ಬೆನ್ನಿಗಿಂತ ಮೊದಲು ಕಂಕುಳು ಗಂಟು ಕಟ್ಟುತ್ತದೆ. ವ್ಯತ್ಯಾಸ ಬರುವುದು ಉಜ್ಜಾಟದಿಂದ. ಕಾಲು ಮುಂದಿಟ್ಟಾಗಲೆಲ್ಲ ಅಲ್ಲಿ ಕೂದಲು ಕೂದಲಿಗೆ ಉಜ್ಜುತ್ತದೆ. ತೇವ ಸೇರಿದರೆ ಕೂದಲು ಉಬ್ಬಿ, ಅದರ ಮೇಲಿನ ಹುರುಪೆಗಳು ಪರಸ್ಪರ ಕಚ್ಚಿಕೊಳ್ಳುತ್ತವೆ. ಕುರಿಯ ಉಣ್ಣೆಯನ್ನು ನೆನೆಸಿ ತುಳಿದರೆ ದಟ್ಟವಾಗುವುದೂ ಹೀಗೆಯೇ.

ಕಳಸದ ಕಡೆಯ ಒಂದು ತೋಟದ ಮನೆಯಲ್ಲಿ ನಾನು ಹತ್ತಿರದಿಂದ ಗಮನಿಸಿದ ಪರ್ಷಿಯನ್ ಮಿಶ್ರತಳಿಯ ಹೆಣ್ಣುಬೆಕ್ಕು ಇದಕ್ಕೆ ಒಳ್ಳೆಯ ನಿದರ್ಶನ. ಅದು ಅಂಗಳದ ಒದ್ದೆಯಲ್ಲಿ ಸುತ್ತಾಡಿ, ಹೊಟ್ಟೆಯಡಿ ಉತ್ತರಾಣಿ ಕಾಳು ಅಂಟಿಸಿಕೊಂಡು ಬಂದು, ಬಚ್ಚಲುಮನೆಯ ಹಂಡೆ ಒಲೆಯ ಪಕ್ಕ ಕಾಲು ಮಡಚಿ ಮಲಗುತ್ತಿತ್ತು. ಮೈಯ ಹೊರಭಾಗ ಬೇಗ ಒಣಗುತ್ತಿತ್ತು. ಮಡಚಿದ ಕಂಕುಳು ಮಾತ್ರ ಒತ್ತಿಕೊಂಡೇ ಇದ್ದು ನಿಧಾನವಾಗಿ ಆರುತ್ತಿತ್ತು. ಎಡಗಂಕುಳಲ್ಲಿ ಕಾಫಿ ಬೀಜದಷ್ಟು ಗಂಟು ಕೈಗೆ ಸಿಕ್ಕಾಗ ಮನೆಯವರು, ಸಡಿಲವಾಗಲಿ ಎಂದು, ಬಿಸಿನೀರಿನಲ್ಲಿ ತೊಳೆದು ಟವೆಲಿನಲ್ಲಿ ಉಜ್ಜಿ ಒರೆಸಿದರು. ಹೊರಗಿನಿಂದ ಒಣಗಿದಂತಿತ್ತು. ಕೂದಲು ಬಗೆದು ಬುಡಕ್ಕೆ ಬೆರಳ ಹಿಂಬದಿ ಒತ್ತಿದರೆ ತಣ್ಣನೆಯ ತೇವ ತಾಗಿತು. ನಾಲ್ಕನೆಯ ದಿನ ಗಂಟು ಅಡಿಕೆಯಷ್ಟಾಗಿ ಚರ್ಮಕ್ಕೆ ಕೂತಿತ್ತು, ಬೆಕ್ಕು ಆ ಕಾಲನ್ನು ಗಿಡ್ಡ ಹೆಜ್ಜೆಯಲ್ಲಿ ಎತ್ತಿಡುತ್ತಿತ್ತು. ಪ್ರತಿ ಹೆಜ್ಜೆಗೂ ಚರ್ಮ ಜಗ್ಗುತ್ತಿದ್ದ ನೋವು ಅದು. ಸೊಕ್ಕಿನಿಂದ ಮೈಮುಟ್ಟಿಸಿಕೊಳ್ಳುತ್ತಿಲ್ಲ ಎಂದೇ ಮನೆಯವರು ಅಲ್ಲಿಯವರೆಗೆ ತಿಳಿದಿದ್ದರು.

ಹೀಗಾಗಿ ನನ್ನ ವಾದ ಇಷ್ಟು: ಈ ಗಿರಿಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಟು ತಡೆಯಲೆಂದು ಉದ್ದಗೂದಲಿನ ಬೆಕ್ಕಿಗೆ ಮೈಪೂರಾ ಸ್ನಾನ ಮಾಡಿಸಬಾರದು. ಇರುವ ಗಂಟನ್ನು ಬಿಡಿಸಲಂತೂ ಕೂಡದು. ಈ ಮಾತಿಗೆ ಮಿತಿಗಳಿವೆ. ನನ್ನ ಮುಂದಿರುವುದು ಒಂದೇ ಬೆಕ್ಕು, ಅದೂ ಹೊರಗೆ ತಿರುಗುವಂಥದ್ದು. ಬ್ಲೋವರ್ ಇದ್ದು, ಬಾಚುತ್ತ ಬಾಚುತ್ತ ಬುಡದವರೆಗೆ ಒಣಗಿಸಬಲ್ಲವರಿಗೆ ಪ್ರದರ್ಶನದವರ ಕ್ರಮ ಫಲ ಕೊಡಬಹುದು. ಆದರೆ ದಟ್ಟ ತುಪ್ಪಳಕ್ಕೆ ಒಂದು ಗಂಟೆಗೂ ಮೀರಿ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಲೆಕ್ಕ ತಪ್ಪುತ್ತದೆ. ಬಾಲದ ಬುಡ ಮೇಣದಂತೆ ಜಿಡ್ಡಾಗಿದ್ದರೆ, ಭೇದಿಯಿಂದ ಹಿಂಭಾಗ ಕೊಳೆಯಾಗಿದ್ದರೆ ಅಲ್ಲಿಗಷ್ಟೇ ತೊಳೆದು ಒಣಗಿಸುವುದು ಸಾಕು. ಹುಳಕಡ್ಡಿಗೆ ವೈದ್ಯರು ಔಷಧಸ್ನಾನ ಹೇಳಿದ್ದರೆ ಅದು ಬೇರೆಯೇ ವಿಷಯ, ಮಾಡಿಸಲೇಬೇಕು.

ತೊಳೆಯಲೇಬೇಕಾದ ದಿನ ಕ್ರಮ ತಿರುಗಬಾರದು: ಮೊದಲು ಬಾಚಿ ಗಂಟೆಲ್ಲ ಬಿಡಿಸಿ, ಆಮೇಲೆ ನೀರು. ನೀರು ಮೈಬಿಸಿಯಷ್ಟೇ ಇರಲಿ. ಚಪ್ಪಟೆ ಮೂಗಿನ ಮುಖಕ್ಕೆ ಹೊಯ್ಯದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಟವೆಲಿನಲ್ಲಿ ಉಜ್ಜದೆ ಒತ್ತಿ ನೀರು ಹೀರಬೇಕು. ತೋಟದ ನಾಯಿಗೆ ಉಣುಗು ಬಿಡಿಸಲು ತಂದ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಸೆಳವು ಬಂದು ಸಾಯಬಹುದು. ಫಿನಾಯಿಲೂ ಬೆಕ್ಕಿಗೆ ವಿಷ. ಹಚ್ಚಿದ್ದು ಗೊತ್ತಾದ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಬಿಡಿಸುವ ಕೆಲಸಕ್ಕೆ ನಾನು ಮೂರು ಹಂತ ಗುರುತಿಸುತ್ತೇನೆ. ಅಗಲ ಹಲ್ಲಿನ ಉಕ್ಕಿನ ಬಾಚಣಿಗೆ ತಡೆದು ತಡೆದಾದರೂ ಸಾಗಿದರೆ ಸಿಕ್ಕು. ಬುಡದ ಕೂದಲನ್ನು ಎರಡು ಬೆರಳಲ್ಲಿ ಬಿಗಿಹಿಡಿದು, ಎಳೆತ ಚರ್ಮಕ್ಕೆ ತಾಗದಂತೆ, ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವೇ ಬಿಡಿಸಬಹುದು. ಬಾಚಣಿಗೆ ಗಂಟಿನೊಳಗೆ ಹೋಗದೆ, ಗಂಟು ಮತ್ತು ಚರ್ಮದ ನಡುವೆ ಮಾತ್ರ ತೂರಿದರೆ ಅದು ಗಂಟು. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಎಳೆಎಳೆಯಾಗಿ ಬಿಡಿಸಬಹುದು. ಆಗದಿದ್ದರೆ ಪಳಗಿದ ಗ್ರೂಮರ್ ಕ್ಲಿಪ್ಪರಿನಿಂದ ತೆಗೆಯಲಿ. ಇಲ್ಲಿ ಕತ್ತರಿ ಹಿಡಿಯುವುದೇ ದೊಡ್ಡ ತಪ್ಪು. ಗಂಟನ್ನು ಎತ್ತಿದಾಗ ಕಾಗದದಷ್ಟು ತೆಳುವಾದ ಚರ್ಮ ಡೇರೆಯಂತೆ ಮೇಲೇಳುತ್ತದೆ, ಕತ್ತರಿ ಕೂದಲೆಂದು ಅದನ್ನೇ ಸೀಳುತ್ತದೆ. ಬಾಚಣಿಗೆ ಚರ್ಮದ ಪಕ್ಕವೂ ತೂರದೆ ಹಾಳೆಯಂತೆ ಹರಡಿದ್ದರೆ ಅದು ಜಡೆ. ಅದು ಮನೆಯವರಿಗೂ ಗ್ರೂಮರಿಗೂ ಸಲ್ಲದು. ಮಂಪರು ಕೊಟ್ಟು ಬೋಳಿಸಬೇಕಾದ ಕೆಲಸ, ಮಂಪರು ಕೊಡಬಲ್ಲವರು ಪಶುವೈದ್ಯರು ಮಾತ್ರ. ಚಪ್ಪಟೆ ಮೂಗಿನ ತಳಿಗೆ ಅದರಲ್ಲಿ ಉಸಿರಾಟದ ಅಪಾಯವೂ ಇರುವುದರಿಂದ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಂಥ ಕಡೆಗೆ ಒಯ್ಯಬೇಕಾದೀತು.

ಹಂತ ಯಾವುದೇ ಇರಲಿ, ಗಂಟಿನಡಿ ಕೆಟ್ಟ ವಾಸನೆ, ಕೀವು, ಕೆಂಪು, ದುಂಡಗೆ ಕೂದಲುದುರಿದ ಕಲೆ ಕಂಡರೆ ಗ್ರೂಮರನ್ನು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಮಳೆಗಾಲದ ತೇವದ ಜಡೆಯಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬೀಳಬಹುದು, ಅದಕ್ಕೆ ಒಂದು ದಿನವೂ ಕಾಯುವಂತಿಲ್ಲ. ಬೆನ್ನಿನ ಕೆಳಭಾಗದಲ್ಲಿ ಮೊದಲ ಬಾರಿಗೆ ಗಂಟು ಕಂಡ ವಯಸ್ಸಾದ ಬೆಕ್ಕಿನ ಕಥೆ ಬೇರೆ. 2002ರಲ್ಲಿ ಪ್ರಕಟವಾದ ಒಂದು ಎಕ್ಸ್‌ರೇ ಅಧ್ಯಯನ, ಪರೀಕ್ಷಿಸಿದ ಹನ್ನೆರಡು ವರ್ಷ ದಾಟಿದ ಬೆಕ್ಕುಗಳಲ್ಲಿ ನೂರಕ್ಕೆ 90ರಲ್ಲಿ ಕೀಲುಸವೆತದ ಗುರುತು ಕಂಡಿತು. ಬಗ್ಗಲಾರದ ಬೆಕ್ಕು ಬೆನ್ನು ನೆಕ್ಕದು, ಹಲ್ಲುನೋವಿರುವ ಬೆಕ್ಕೂ ಅಷ್ಟೇ. ನಾಲಿಗೆ ಮುಟ್ಟದಿರುವುದೇ ಕಾರಣ ಎಂಬ ಮಾತು ನಿಜವಾಗಿ ಒಪ್ಪುವುದು ಇಲ್ಲಿ. ಇಂಥ ಗಂಟು ಬಾಚಿ ಮುಗಿಯುವಂಥದ್ದಲ್ಲ, ಕೀಲು ಮತ್ತು ಹಲ್ಲುಗಳನ್ನು ವೈದ್ಯರಿಗೆ ತೋರಿಸಬೇಕಾಗುತ್ತದೆ.

ಒಲೆಯ ಪಕ್ಕ ಮಲಗುವ ಬೆಕ್ಕಿನ ಮೈಗೆ ಹತ್ತುವ ಹಂಡೆ ಒಲೆಯ ಬೂದಿಯ ಪಾತ್ರ ಇನ್ನೂ ಬಗೆಹರಿದಿಲ್ಲ. ಅದು ಜಿಡ್ಡು ಹೀರಿ ಗಂಟನ್ನು ತಡೆಯುತ್ತದೆಯೇ, ಕೂದಲನ್ನು ಒರಟಾಗಿಸಿ ಹೆಚ್ಚಿಸುತ್ತದೆಯೇ ಎಂಬುದು ಈ ಒಂದೇ ಬೆಕ್ಕಿನಿಂದ ತಿಳಿಯದು. ಒಲೆ ಇರುವ ಮತ್ತು ಗೀಸರ್ ಇರುವ ಮನೆಗಳ ಬೆಕ್ಕುಗಳನ್ನು ಒಂದೇ ಮಳೆಗಾಲದಲ್ಲಿ, ವಾರಕ್ಕೊಮ್ಮೆ ಕಂಕುಳು ಮುಟ್ಟಿನೋಡಿ, ಹೋಲಿಸಬೇಕಾಗಿದೆ.